ಊರಿನಲ್ಲಿ ಮೂರು ವಾರ ಕುಡಿಯದೆ ಇದ್ದೆ, ಆದರೂ ಇದು ಚಟವೇ?

ಪ್ರಶ್ನೆ: ನಾನು ದಾವಣಗೆರೆಯವನು, ವಯಸ್ಸು 36. ಏಳು ವರ್ಷಗಳಿಂದ ಅಮೆರಿಕದ ಸಿಯಾಟಲ್ ಬಳಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಮೊದಲೆಲ್ಲ ಶನಿವಾರ ಗೆಳೆಯರು ಸೇರಿದಾಗ ಮಾತ್ರ ಕುಡಿಯುತ್ತಿದ್ದೆ. ಈಗ ಒಂದೂವರೆ ವರ್ಷದಿಂದ ರಾತ್ರಿ ಭಾರತದ ತಂಡದ ಜೊತೆಗಿನ ಕಾಲ್ ಮುಗಿದ ಮೇಲೆ ದಿನಾ ಎರಡು ಪೆಗ್ ವಿಸ್ಕಿ ಬೇಕು. ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ. ಕೆಲಸ ಒಂದು ದಿನವೂ ತಪ್ಪಿಸಿಲ್ಲ, ಜಗಳ ಮಾಡಿಲ್ಲ. ಕಳೆದ ತಿಂಗಳು ಮೂರು ವಾರ ಊರಿಗೆ ಬಂದಿದ್ದೆ. ನಮ್ಮ ಮನೆಯಲ್ಲಿ ಕುಡಿಯುವ ಮಾತೇ ಇಲ್ಲ. ಎರಡನೆಯ ದಿನ ಬೆಳಿಗ್ಗೆ ಚಹಾದ ಲೋಟ ಹಿಡಿದಾಗ ಕೈ ನಡುಗಿತು, ಅಮ್ಮ ನೋಡಿಬಿಟ್ಟರು. ಎರಡು ರಾತ್ರಿ ಬೆವರು, ನಿದ್ದೆಯಿಲ್ಲ. ವಿಮಾನಯಾನದ ಆಯಾಸ ಎಂದುಕೊಂಡೆ. ಆಮೇಲೆ ಆರಾಮಾಗಿದ್ದೆ. ಆದರೆ ಇಲ್ಲಿಗೆ ವಾಪಸಾದ ಮೂರನೆಯ ರಾತ್ರಿಯೇ ಮತ್ತೆ ಶುರುವಾಯಿತು. ಮೂರು ವಾರ ಬಿಟ್ಟಿರಲು ಆಗುವವನಿಗೆ ಇದು ಚಟ ಹೇಗಾಗುತ್ತದೆ? ಪೂರ್ತಿ ಬಿಡಬೇಕೇ, ವಾರಾಂತ್ಯಕ್ಕೆ ಸೀಮಿತ ಮಾಡಿದರೆ ಸಾಕೇ? ಡಾಕ್ಟರ ಬಳಿ ಹೋದರೆ ಕಚೇರಿಗೆ, ವೀಸಾಕ್ಕೆ ತೊಂದರೆಯಾಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ ಚಹಾದ ಲೋಟದ ಮೇಲೆ. ಮೂರು ವಾರ ಕುಡಿಯದೆ ಇದ್ದದ್ದನ್ನು ನೀವು ಸಾಕ್ಷಿಯಾಗಿ ಮುಂದಿಟ್ಟಿದ್ದೀರಿ. ನಾನು ಆ ಎರಡನೆಯ ಬೆಳಗನ್ನು ಮೊದಲು ನೋಡುತ್ತೇನೆ. ಹನ್ನೆರಡೂವರೆ ಗಂಟೆ ಹಿಂದಿರುವ ಊರಿನಿಂದ ಬಂದವರಿಗೆ ರಾತ್ರಿ ಎರಡಕ್ಕೆ ಎಚ್ಚರವಾಗುವುದು, ಮಧ್ಯಾಹ್ನ ಕಣ್ಣು ಎಳೆಯುವುದು ಸಹಜ. ಆದರೆ ಪ್ರಯಾಣದ ಆಯಾಸಕ್ಕೆ ಕೈ ನಡುಗುವುದಿಲ್ಲ, ಹಾಸಿಗೆ ಒದ್ದೆಯಾಗುವಷ್ಟು ಬೆವರು ಬರುವುದಿಲ್ಲ. ಅದು ದಿನಾ ಸಿಗುತ್ತಿದ್ದ ಮದ್ಯ ಒಮ್ಮೆಲೇ ನಿಂತಾಗ ದೇಹ ತೋರುವ ಪ್ರತಿಕ್ರಿಯೆ. ನಾವು ಅದನ್ನು ವಿತ್‌ಡ್ರಾಯಲ್ ಎನ್ನುತ್ತೇವೆ.

ವೇಳೆಯ ಲೆಕ್ಕವೂ ಹೊಂದುತ್ತದೆ. ಕೊನೆಯ ಗುಟುಕಿನ ನಂತರ ಆರರಿಂದ ಹನ್ನೆರಡು ಗಂಟೆಗಳಲ್ಲಿ ಕೈನಡುಕ, ಬೆವರು, ಎದೆಬಡಿತ, ಕಾರಣವಿಲ್ಲದ ಗಾಬರಿ ಶುರುವಾಗುತ್ತವೆ. ಎರಡನೆಯ, ಮೂರನೆಯ ದಿನ ಏರುತ್ತವೆ. ಐದನೆಯ ದಿನದ ಹೊತ್ತಿಗೆ ಇಳಿಯುತ್ತವೆ. ನೀವು ಕೊನೆಯ ಬಾರಿ ಕುಡಿದದ್ದು ವಿಮಾನದಲ್ಲಿ ಅಥವಾ ಹೊರಡುವ ಹಿಂದಿನ ರಾತ್ರಿ ಇರಬೇಕು. ಬೆಂಗಳೂರಿನಲ್ಲಿ ಇಳಿದು ದಾವಣಗೆರೆ ಸೇರಿ ಒಂದು ರಾತ್ರಿ ಕಳೆದು ಲೋಟ ಹಿಡಿಯುವ ಹೊತ್ತಿಗೆ ಒಂದೂವರೆ, ಎರಡು ದಿನ ಆಗಿತ್ತು. ನಡುಕ ಹೆಚ್ಚಾಗಿರುವ ಹೊತ್ತು ಅದೇ.

ಒಳಗೆ ಆಗುವುದು ಇಷ್ಟು. ಮದ್ಯ ಮಿದುಳನ್ನು ಶಾಂತಗೊಳಿಸುವ ಕಡೆಗೆ ತಳ್ಳುತ್ತದೆ. ದಿನಾ ಒಬ್ಬರು ಹೊರಗಿನಿಂದ ಬಾಗಿಲು ತಳ್ಳುತ್ತಿದ್ದರೆ ಒಳಗಿರುವವರು ಬೀಳದಂತೆ ಭುಜ ಕೊಟ್ಟು ನಿಲ್ಲುತ್ತಾರಲ್ಲ, ಮಿದುಳೂ ಹಾಗೆಯೇ ತನ್ನ ಉದ್ರೇಕದ ವ್ಯವಸ್ಥೆಯನ್ನು ಹೆಚ್ಚಿಸಿಕೊಂಡು ಎದುರು ಒತ್ತುತ್ತದೆ. ಅದಕ್ಕೇ ಮೊದಲು ಒಂದು ಪೆಗ್‌ಗೆ ಆಗುತ್ತಿದ್ದ ಹಿತ ಈಗ ಎರಡಕ್ಕೆ ಆಗುತ್ತದೆ. ಹೊರಗಿನವರು ಒಂದು ದಿನ ಹೇಳದೆ ಕೇಳದೆ ಕೈಬಿಟ್ಟರೆ ಒಳಗಿನವರು ಮುಗ್ಗರಿಸಿ ಬೀಳುತ್ತಾರೆ. ನಿಮ್ಮ ಅಮ್ಮ ಕಂಡದ್ದು ಆ ಮುಗ್ಗರಿಕೆಯನ್ನು.

ಚಟವೇ, ನಾನು ಕುಡುಕನೇ ಎಂಬ ಮಾತಿಗೆ ಬರುತ್ತೇನೆ. ಆ ಪದವನ್ನು ನಾನು ರೋಗಿಗಳ ಮೇಲೆ ಬಳಸುವುದಿಲ್ಲ. ಕಾರಣವಿದೆ. ನಮ್ಮ ಜಿಲ್ಲೆಯಲ್ಲಿ ಬೆಳೆದವರ ಮನಸ್ಸಿನಲ್ಲಿ ಕುಡುಕ ಎಂದರೆ ಒಂದು ಚಿತ್ರ ಅಚ್ಚೊತ್ತಿದೆ. ಸಾರಾಯಿ ಅಂಗಡಿಯ ಮುಂದೆ ಬಿದ್ದವನು, ಹೆಂಡತಿಯ ಕೂಲಿ ಕಿತ್ತುಕೊಂಡವನು. 2007ರಲ್ಲಿ ಸಾರಾಯಿ ನಿಷೇಧವಾಗುವವರೆಗೆ ನನ್ನ ಬಳಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಅಂಥ ಮನೆಗಳವರೇ. ವಿದೇಶದಲ್ಲಿ ಮನೆ ಕೊಂಡು, ಕಂತು ಕಟ್ಟಿ, ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಕೆಲಸಕ್ಕೆ ಹೋಗುವವನು ಆ ಚಿತ್ರದ ಜೊತೆ ತನ್ನನ್ನು ಹೋಲಿಸಿಕೊಂಡು, ತಾನು ಅದಲ್ಲ ಎಂದು ನಿಟ್ಟುಸಿರು ಬಿಡುತ್ತಾನೆ. ಅಲ್ಲಿಗೆ ವಿಷಯ ನಾಲ್ಕೈದು ವರ್ಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಹೆಸರು ಬೇಡ, ಅಳತೆ ನೋಡೋಣ. ಅದಕ್ಕಾಗಿ ನಿಮಗಿಂತ ಮೊದಲು ಇದೇ ದಾರಿಯಲ್ಲಿ ನಡೆದ ಒಬ್ಬರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಚಿತ್ರದುರ್ಗದ ಹುಡುಗ, ನಿಮ್ಮದೇ ವೃತ್ತಿ, ಕೆಲಸವೂ ನಿಮ್ಮ ಸಿಯಾಟಲ್ ಕಡೆಯೇ. ಗುರುತು ಸಿಗದಷ್ಟು ಬದಲಿಸಿದ್ದೇನೆ. ಹೇಳಲು ಅವರ ಒಪ್ಪಿಗೆಯೂ ಇದೆ.

ಆತ ಮೊದಲ ಮೂರು ವರ್ಷ ಶುಕ್ರವಾರ ಅಥವಾ ಶನಿವಾರ ಮಾತ್ರ ಕುಡಿಯುತ್ತಿದ್ದರು. ನಾಲ್ಕು ಮನೆಯವರು ಸೇರಿ ಅಡುಗೆ ಮಾಡಿ, ಮಂಡಕ್ಕಿ ಒಗ್ಗರಣೆ ಹಾಕಿ, ಊರಿನ ಸುದ್ದಿ ಹೇಳಿಕೊಂಡು ನಗುವ ಸಂಜೆಗಳು ಅವು. ಆಮೇಲೆ ಕೆಲಸದಲ್ಲಿ ಬಡ್ತಿ ಸಿಕ್ಕಿತು. ಅದರ ಜೊತೆಗೆ ಬೆಂಗಳೂರಿನ ತಂಡದ ಹೊಣೆಯೂ ಬಂತು. ಭಾರತದ ಬೆಳಿಗ್ಗೆ ಒಂಬತ್ತೂವರೆಗೆ ದಿನದ ಕಾಲ್. ಅಲ್ಲಿ ಅದು ಬೇಸಿಗೆಯಲ್ಲಿ ರಾತ್ರಿ ಒಂಬತ್ತು. ಒಂದು ಗಂಟೆ ಮಾತು, ತಕರಾರು, ಯಾರದೋ ತಪ್ಪಿಗೆ ಸಮಜಾಯಿಷಿ. ಹತ್ತಕ್ಕೆ ಲ್ಯಾಪ್‌ಟಾಪ್ ಮುಚ್ಚುವಾಗ ಹೆಂಡತಿ ಮಗು ಮಲಗಿರುತ್ತಿದ್ದರು. ತಲೆ ಮಾತ್ರ ಇನ್ನೂ ಓಡುತ್ತಿತ್ತು. ಒಂದು ಗುರುವಾರ ಅಡುಗೆಮನೆಯ ದೀಪವೊಂದನ್ನೇ ಹಚ್ಚಿಕೊಂಡು ಶನಿವಾರದ ಬಾಟಲಿಯಿಂದ ಸ್ವಲ್ಪ ಸುರಿದುಕೊಂಡರು. ಹದಿನೈದು ನಿಮಿಷದಲ್ಲಿ ತಲೆ ತಣ್ಣಗಾಯಿತು. ಆ ರಾತ್ರಿ ಅವರು ಏನನ್ನೂ ನಿರ್ಧರಿಸಲಿಲ್ಲ. ಮುಂದೆಯೂ ಯಾವ ರಾತ್ರಿಯೂ ನಿರ್ಧರಿಸಲಿಲ್ಲ. ನಾಳೆ ಸೋಮವಾರ ಎಂಬ ದಿಗಿಲಿಗೆ ಭಾನುವಾರ ಸೇರಿತು, ಕಾಲ್ ಕೆಟ್ಟದಾಗಿ ಹೋಯಿತು ಎಂದು ಮಂಗಳವಾರ ಸೇರಿತು, ಚೆನ್ನಾಗಿ ಹೋಯಿತು ಎಂದು ಬುಧವಾರ ಸೇರಿತು.

ನವೆಂಬರ್ ಮೊದಲ ವಾರ ಆ ದೇಶದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಸರಿಸುತ್ತಾರೆ. ಭಾರತದಲ್ಲಿ ಹಾಗೆ ಮಾಡುವುದಿಲ್ಲವಾದ್ದರಿಂದ ಅದೇ ಕಾಲ್ ಅಲ್ಲಿ ಎಂಟಕ್ಕೇ ಶುರುವಾಗಿ ಒಂಬತ್ತಕ್ಕೆ ಮುಗಿಯುತ್ತದೆ. ಮಲಗುವ ಹೊತ್ತು ಮಾತ್ರ ಬದಲಾಗುವುದಿಲ್ಲ. ಕುಡಿಯಲು ಒಂದು ಗಂಟೆ ಹೆಚ್ಚು ಸಿಕ್ಕಿತು. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ನಾಲ್ಕೂ ಇಪ್ಪತ್ತರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಇವರ ಕುಡಿತ ಏರಿದ್ದು ಆ ಚಳಿಗಾಲದಲ್ಲಿ ಎಂಬುದು ನಾವಿಬ್ಬರೂ ಕುಳಿತು ಲೆಕ್ಕ ಹಾಕಿದಾಗ ತಿಳಿಯಿತು. ಅಲ್ಲಿಯವರೆಗೆ ಅವರು ಅದನ್ನು ಕೆಲಸದ ಒತ್ತಡ ಎಂದೇ ಹೇಳುತ್ತಿದ್ದರು.

ಅವರಿಗೆ ಮೊದಲು ಹೊಳೆಸಿದ್ದು ಒಂದು ಫೋನ್ ಕರೆ. ರಾತ್ರಿ ಹತ್ತೂವರೆಗೆ, ಅಂದರೆ ದುರ್ಗದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ, ಅಮ್ಮನ ಅಡುಗೆ ಮುಗಿಯುವ ಹೊತ್ತು ನೋಡಿ ದಿನಾ ಮಾತನಾಡುತ್ತಿದ್ದರು. ಒಂದು ದಿನ ಅಪ್ಪನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಯಾವಾಗ ಎಂದು ಕೇಳಿದರು. ಅಮ್ಮ ಅರೆಕ್ಷಣ ಸುಮ್ಮನಿದ್ದು, “ನಿನ್ನೆ ಹೇಳಿದೆನಲ್ಲಪ್ಪಾ, ಬುಧವಾರ ಅಂತ. ನೀನೇ ಡಾಕ್ಟರ ಹೆಸರು ಬರೆದುಕೊಂಡೆ” ಎಂದರು. ಮೊಬೈಲ್ ತೆಗೆದು ನೋಡಿದರೆ ಹಿಂದಿನ ರಾತ್ರಿಯ ಕರೆ 22 ನಿಮಿಷ. ಮೇಜಿನ ಮೇಲಿದ್ದ ಚೀಟಿಯಲ್ಲಿ ಡಾಕ್ಟರ ಹೆಸರು, ಅವರದೇ ಅಕ್ಷರ. ಆ 22 ನಿಮಿಷದಲ್ಲಿ ಒಂದು ಮಾತೂ ನೆನಪಿರಲಿಲ್ಲ. ತೊದಲಿರಲಿಲ್ಲ, ಅಮ್ಮನಿಗೆ ಅನುಮಾನವೂ ಬಂದಿರಲಿಲ್ಲ. ಮದ್ಯದ ಪ್ರಮಾಣ ರಕ್ತದಲ್ಲಿ ಬೇಗ ಏರಿದಾಗ ಹೀಗಾಗುತ್ತದೆ. ಮನುಷ್ಯ ಮಾತನಾಡುತ್ತಾನೆ, ನಡೆಯುತ್ತಾನೆ, ಬರೆಯುತ್ತಾನೆ, ಆದರೆ ಮಿದುಳಿನಲ್ಲಿ ನೆನಪು ಬರೆದುಕೊಳ್ಳುವ ಭಾಗ ಆ ಹೊತ್ತಿಗೆ ಕೆಲಸ ನಿಲ್ಲಿಸಿರುತ್ತದೆ. ಅದು ಮರೆವಲ್ಲ. ಆ ನೆನಪು ದಾಖಲಾಗಿಯೇ ಇರುವುದಿಲ್ಲ. ಹಾಗಾಗಿ ಎಷ್ಟು ಯೋಚಿಸಿದರೂ ಮರಳುವುದಿಲ್ಲ. ನಿಮಗೆ ಇಂಥದ್ದು ಆಗಿದೆಯೇ ಎಂದು ನಿಮ್ಮ ಪತ್ರದಲ್ಲಿಲ್ಲ. ನಿಮ್ಮ ಮನೆಯವರನ್ನು ಕೇಳಿ ನೋಡಿ.

ಅವರು ಎಂಜಿನಿಯರ್ ತಾನೇ, ಮರುದಿನದಿಂದ ಲೆಕ್ಕ ಇಟ್ಟರು. ಅಲ್ಲಿನ ಅಂಗಡಿಗಳಲ್ಲಿ 1.75 ಲೀಟರಿನ ದೊಡ್ಡ ಬಾಟಲಿ ಸಿಗುತ್ತದೆ, ಅಗ್ಗವೆಂದು ಅದನ್ನೇ ತರುತ್ತಿದ್ದರು. ಹಳೆಯ ಬಿಲ್ಲುಗಳನ್ನು ಹುಡುಕಿ ನೋಡಿದರೆ ಎರಡು ವರ್ಷದ ಹಿಂದೆ ಒಂದು ಬಾಟಲಿ, ಗೆಳೆಯರ ಪಾಲೂ ಸೇರಿ, ಒಂದು ತಿಂಗಳು ಬರುತ್ತಿತ್ತು. ಆಮೇಲೆ ಹತ್ತೊಂಬತ್ತು ದಿನ, ಹನ್ನೆರಡು ದಿನ. ಈಗ ಒಬ್ಬರಿಗೇ ಒಂಬತ್ತು ದಿನ. ನನ್ನ ಎದುರು ಕುಳಿತಾಗಲೂ ಅವರು ಹೇಳಿದ್ದು “ಎರಡೇ ಪೆಗ್ ಡಾಕ್ಟ್ರೇ” ಎಂದೇ. ಸುಳ್ಳು ಹೇಳುವ ಉದ್ದೇಶವೇನೂ ಇರಲಿಲ್ಲ.

ಲೆಕ್ಕ ನೋಡಿ. 1,750 ಮಿಲಿಯನ್ನು ಒಂಬತ್ತರಿಂದ ಭಾಗಿಸಿದರೆ ದಿನಕ್ಕೆ ಸುಮಾರು 195 ಮಿಲಿ. ಅವರ ಎರಡು ಪೆಗ್ ಎಂದರೆ ಅಗಲ ಬಾಯಿಯ ಗಾಜಿನ ಲೋಟದಲ್ಲಿ ಐಸ್ ಮೇಲೆ ಕಣ್ಣಳತೆಯಲ್ಲಿ ಸುರಿದ ಎರಡು ಸುರಿತ, ಒಂದೊಂದೂ ನೂರು ಮಿಲಿಯ ಹತ್ತಿರ. ನಮ್ಮಲ್ಲಿ ಬಾರ್‌ನಲ್ಲಿ ಅಳೆದು ಕೊಡುವ ಸಣ್ಣ ಪೆಗ್ 30 ಮಿಲಿ, ದೊಡ್ಡದು 60. ಶೇ 40ರ ವಿಸ್ಕಿ 195 ಮಿಲಿ ಎಂದರೆ ಸುಮಾರು 61 ಗ್ರಾಂ ಶುದ್ಧ ಮದ್ಯಸಾರ. ನಮ್ಮ ಊರಿನ ವೈನ್‌ಶಾಪಿನಲ್ಲಿ ಸಿಗುವ 180 ಮಿಲಿಯ ಕ್ವಾರ್ಟರ್ ಬಾಟಲಿಯಲ್ಲಿ ಇರುವುದೂ ಅಷ್ಟೇ. ಇದನ್ನು ಹೇಳಿದಾಗ ಅವರ ಮುಖ ಬಿಳಿಚಿಕೊಂಡಿತು. ದಿನಕ್ಕೊಂದು ಕ್ವಾರ್ಟರ್ ಎಂದರೆ ಅವರ ಮನಸ್ಸಿನಲ್ಲಿ ಬೇರೆಯೇ ಮನುಷ್ಯರು. ದಿನಕ್ಕೆ 60 ಗ್ರಾಂ ದಾಟಿದರೆ ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಲ್ಲಿ ಪುರುಷರಿಗೆ ಅದು ಹೆಚ್ಚಿನ ಅಪಾಯದ ಮಟ್ಟ. ಬಾಟಲಿ ಹನ್ನೆರಡು ವರ್ಷ ಹಳೆಯ ಸ್ಕಾಚ್ ಆಗಿರಲಿ, ಊರಿನ ಅಗ್ಗದ ವಿಸ್ಕಿಯಾಗಿರಲಿ, ಯಕೃತ್ತು ನೋಡುವುದು ಗ್ರಾಂಗಳನ್ನು.

ನೀವೂ ಇಂದು ರಾತ್ರಿ ಒಂದು ಕೆಲಸ ಮಾಡಿ. ಖಾಲಿ ಬಾಟಲಿಯಲ್ಲಿ ನೀರು ತುಂಬಿ, ನಿಮ್ಮ ಎಂದಿನ ಲೋಟಕ್ಕೆ, ಎಂದಿನಷ್ಟೇ ಐಸ್ ಹಾಕಿ, ಎಂದಿನ ಹಾಗೆ ಸುರಿಯಿರಿ. ಐಸ್ ಕರಗುವ ಮೊದಲೇ ಆ ನೀರನ್ನು ಅಡುಗೆಮನೆಯ ಅಳತೆಯ ಲೋಟಕ್ಕೆ ಬಗ್ಗಿಸಿ ಮಿಲಿ ಎಷ್ಟೆಂದು ನೋಡಿ. ನಿಮ್ಮ ಎರಡು ಪೆಗ್ ಎಷ್ಟೆಂದು ಆಗ ನಿಮಗೂ ತಿಳಿಯುತ್ತದೆ, ನಿಮ್ಮ ವೈದ್ಯರಿಗೂ ತಿಳಿಯುತ್ತದೆ.

ನಿದ್ದೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಿಮ್ಮನ್ನು ಕಟ್ಟಿಹಾಕಿರುವುದು ಅದೇ. ಕುಡಿದರೆ ನಿದ್ದೆ ಬೇಗ ಬರುತ್ತದೆ ಎಂಬುದು ನಿಜ. ಆದರೆ ದೇಹ ಗಂಟೆಗೆ ಏಳರಿಂದ ಹತ್ತು ಗ್ರಾಂನಷ್ಟು ಮದ್ಯಸಾರವನ್ನು ಮಾತ್ರ ಕರಗಿಸಬಲ್ಲದು. ರಾತ್ರಿಯ ಮೊದಲ ಅರ್ಧದಲ್ಲಿ ಕನಸಿನ ನಿದ್ದೆ ಅದುಮಿಹೋಗುತ್ತದೆ. ಮದ್ಯ ಇಳಿಯುತ್ತಾ ಬಂದ ಹಾಗೆ, ಮೂರು ನಾಲ್ಕು ಗಂಟೆಯ ಸುಮಾರಿಗೆ, ಮಿದುಳು ಎದುರು ಒತ್ತಡದಿಂದ ಪುಟಿಯುತ್ತದೆ. ಎಚ್ಚರ, ಬಾಯಿ ಒಣಗುವುದು, ಎದೆ ಹೊಡೆದುಕೊಳ್ಳುವುದು, ನಾಳೆಯ ಕೆಲಸದ ಚಿಂತೆ. ಹಗಲೆಲ್ಲ ಮಂಕು, ಅದಕ್ಕೆ ನಾಲ್ಕು ಕಾಫಿ, ಸಂಜೆಯಾದರೆ ಕಿರಿಕಿರಿ. ಆ ಸಂಜೆಯ ಕಿರಿಕಿರಿಯನ್ನು ದುರ್ಗದವರು ಕೆಲಸದ ಒತ್ತಡ ಎನ್ನುತ್ತಿದ್ದರು. ಅರ್ಧದಷ್ಟು ಅದು ಹಿಂದಿನ ರಾತ್ರಿಯ ಮದ್ಯ ಇಳಿದುದರ ಕಿರಿಕಿರಿ. ವಿಸ್ಕಿ ತಾನೇ ತಂದಿಟ್ಟ ನೋವನ್ನು ತಾನೇ ತೆಗೆಯುತ್ತಿತ್ತು, ಇವರು ಅದಕ್ಕೆ ಋಣಿಯಾಗಿದ್ದರು.

ಇದರ ಜೊತೆಗೇ ಒಂದು ಮಾತು. ಹನ್ನೊಂದೂವರೆಗೆ 60 ಗ್ರಾಂ ಮುಗಿಸಿದವರ ರಕ್ತದಲ್ಲಿ ಬೆಳಿಗ್ಗೆ ಆರಕ್ಕೂ ಮದ್ಯ ಉಳಿದಿರಬಹುದು. ಮಗುವನ್ನು ಕಾರಿನಲ್ಲಿ ಶಾಲೆಗೆ ಬಿಡುವವರು ನೀವಾದರೆ ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಹಾಗಾದರೆ ಊರಿನಲ್ಲಿ ಮೂರು ವಾರ ಹೇಗೆ ಸುಲಭವಾಯಿತು? ಅಭ್ಯಾಸ ಎಂಬುದು ಜಾಗಕ್ಕೂ ಹೊತ್ತಿಗೂ ಅಂಟಿಕೊಂಡಿರುತ್ತದೆ. ರಾತ್ರಿಯ ಕಾಲ್ ಇಲ್ಲ, ಲ್ಯಾಪ್‌ಟಾಪ್ ಮುಚ್ಚುವ ಸದ್ದು ಇಲ್ಲ, ಆ ಅಡುಗೆಮನೆಯ ದೀಪ ಇಲ್ಲ, ಒಬ್ಬರೇ ಕುಳಿತುಕೊಳ್ಳುವ ಗಳಿಗೆ ಇಲ್ಲವೇ ಇಲ್ಲ. ಬೆಳಿಗ್ಗೆ ಕುಂದವಾಡ ಕೆರೆಯ ಸುತ್ತ ನಡಿಗೆ, ಸಂಜೆ ಬೆಣ್ಣೆ ದೋಸೆಗೆ ಚಿಕ್ಕಪ್ಪನ ಮಕ್ಕಳ ಗುಂಪು, ರಾತ್ರಿ ಅಪ್ಪ ಅಮ್ಮನ ಜೊತೆ ಊಟ. ಕುಡಿಯಬೇಕು ಎನ್ನಿಸುವ ಒಂದು ಸೂಚನೆಯೂ ಸುತ್ತ ಇರಲಿಲ್ಲ. ನಿಮ್ಮ ದೇಹ ಮದ್ಯವಿಲ್ಲದೆ ಚೇತರಿಸಿಕೊಳ್ಳುತ್ತದೆ ಎಂಬುದನ್ನು ಆ ಮೂರು ವಾರ ತೋರಿಸಿಕೊಟ್ಟಿವೆ, ಅದು ದೊಡ್ಡ ಸಮಾಧಾನ. ಸಿಯಾಟಲ್‌ನ ಆ ಕುರ್ಚಿಯಲ್ಲಿ ಏನಾಗುತ್ತದೆ ಎಂಬುದನ್ನು ಮಾತ್ರ ಅವು ಹೇಳಲಾರವು. ಅದನ್ನು ಹೇಳಿದ್ದು ವಾಪಸಾದ ಮೂರನೆಯ ರಾತ್ರಿ.

ಈಗ ಮಾಡಬೇಕಾದದ್ದು. ನೀವು ಓದಿದ ಕೂಡಲೇ ಬಾಟಲಿ ಚೆಲ್ಲಿ ಇಂದೇ ಬಿಟ್ಟೆ ಎನ್ನುವವರಂತೆ ಕಾಣುತ್ತೀರಿ, ಆದ್ದರಿಂದ ಸುರಕ್ಷತೆಯ ಮಾತು ಮೊದಲು. ಒಮ್ಮೆ ವಿತ್‌ಡ್ರಾಯಲ್ ಆದವರಿಗೆ ಮುಂದಿನ ಬಾರಿ ಅದು ಇನ್ನೂ ಜೋರಾಗಿ ಬರಬಹುದು. ಪದೇ ಪದೇ ಬಿಟ್ಟು ಹಿಡಿದು ಮಾಡಿದಷ್ಟೂ ಮಿದುಳು ಹೆಚ್ಚು ಕೆರಳುತ್ತದೆ. ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ ನಿಲ್ಲಿಸಿದ ಮೊದಲ ಎರಡು ದಿನಗಳಲ್ಲಿ ಬರುತ್ತದೆ. ಸನ್ನಿ, ಅಂದರೆ ದಿಕ್ಕು ತಪ್ಪಿದ ಮಾತು, ಇಲ್ಲದ್ದು ಕಾಣುವುದು, ಎರಡರಿಂದ ನಾಲ್ಕನೆಯ ದಿನದ ನಡುವೆ. ಇವೆರಡರಲ್ಲಿ ಯಾವುದು ಕಂಡರೂ ಮನೆಯಲ್ಲಿ ನಿಂಬೆರಸ ಕೊಡುತ್ತಾ ಕೂರಬಾರದು, ತುರ್ತು ಚಿಕಿತ್ಸೆಗೆ ಹೋಗಬೇಕು. ನಿಮಗೆ ಬಂದದ್ದು ಸೌಮ್ಯವಾದದ್ದೇ. ಆದರೂ ನಿಲ್ಲಿಸುವ ದಿನವನ್ನು ಗೊತ್ತುಮಾಡುವ ಮೊದಲು ಅಲ್ಲಿನ ನಿಮ್ಮ ವೈದ್ಯರನ್ನು ಕಂಡು ಎರಡು ಸಂಗತಿ ಹೇಳಿ: ದಿನಕ್ಕೆ ಎಷ್ಟು ಮಿಲಿ, ಮತ್ತು ಊರಿನಲ್ಲಿ ಆದ ನಡುಕ. ಅಗತ್ಯವಿದ್ದರೆ ಅವರು ಐದಾರು ದಿನಕ್ಕೆ ಡಯಾಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡ್ ಮಾತ್ರೆಯನ್ನು ದಿನಕ್ಕೆ ಸ್ವಲ್ಪ ಇಳಿಸುತ್ತಾ ಕೊಡುತ್ತಾರೆ. ಜೊತೆಗೆ ಥಯಾಮಿನ್ ಎಂಬ ಬಿ1 ಜೀವಸತ್ವ. ದೀರ್ಘಕಾಲ ಕುಡಿದವರಲ್ಲಿ ಅದು ಬರಿದಾಗಿದ್ದರೆ ಮಿದುಳಿಗೆ ಪೆಟ್ಟಾಗುತ್ತದೆ. ಊರಿನಿಂದ ತಂದಿಟ್ಟುಕೊಂಡ ಅಲ್‌ಪ್ರಜೋಲಾಮ್ ಇದ್ದರೆ ಅದನ್ನು ನೀವೇ ನುಂಗಬೇಡಿ. ವಿಸ್ಕಿಯ ಮೇಲೆ ಅದು ಬಿದ್ದರೆ ಉಸಿರಾಟಕ್ಕೇ ಅಪಾಯ. ರಕ್ತಪರೀಕ್ಷೆಯಲ್ಲಿ ಯಕೃತ್ತು ಸರಿಯಿದೆ ಎಂದು ಬಂದರೆ ಸಂತೋಷ, ಆದರೆ ಅದರಿಂದ ಕುಡಿತ ಸರಿಯಿದೆ ಎಂದಾಗುವುದಿಲ್ಲ. ಯಕೃತ್ತು ಬಹಳ ಕಾಲ ತಡೆದುಕೊಳ್ಳುವ ಅಂಗ.

ವಾರಾಂತ್ಯಕ್ಕೆ ಸೀಮಿತ ಮಾಡಲೇ ಎಂದಿದ್ದೀರಿ. ಎಂದೂ ನಡುಕ ಕಾಣದವರಿಗೆ ನಾನು ಆ ಪ್ರಯತ್ನಕ್ಕೆ ಅಡ್ಡಿ ಹೇಳುವುದಿಲ್ಲ. ನಡುಕ ಕಂಡವರಲ್ಲಿ ಅದು ನಿಂತದ್ದನ್ನು ನಾನು ನೋಡಿರುವುದು ತೀರಾ ಅಪರೂಪ. ದುರ್ಗದವರು ಪ್ರಾಮಾಣಿಕವಾಗಿಯೇ ಪ್ರಯತ್ನಿಸಿದರು. ಶುಕ್ರವಾರ ಶನಿವಾರ ಮಾತ್ರ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರು. ಆರನೆಯ ವಾರ ಗುರುವಾರ ಒಂದು ಹಬ್ಬ ಬಂತು. ಏಳನೆಯ ವಾರ ಗುರುವಾರ ಹಬ್ಬವಿಲ್ಲದೆಯೂ ಬಂತು. ಎರಡನೆಯ ತಿಂಗಳ ಕೊನೆಗೆ ಬಾಟಲಿ ಮತ್ತೆ ಒಂಬತ್ತು ದಿನಕ್ಕೆ ಬಂದು ನಿಂತಿತು. ಹಾಗಾಗಿ ನಿಮಗೆ ನನ್ನ ಸಲಹೆ, ಕನಿಷ್ಠ ಮೂರು ತಿಂಗಳು ಪೂರ್ತಿ ಬಿಡಿ, ಮುಂದಿನದನ್ನು ಆಮೇಲೆ ಸ್ವಚ್ಛ ತಲೆಯಲ್ಲಿ ಯೋಚಿಸಿ.

ಬಿಡಲು ನೆರವಾಗುವ ಮಾತ್ರೆಗಳಿವೆ ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ನಾಲ್ಟ್ರೆಕ್ಸೋನ್ ಎಂಬುದು ಕುಡಿದಾಗ ಮಿದುಳಿನಲ್ಲಿ ಏಳುವ ಹಿತವನ್ನು ಮಂಕಾಗಿಸುತ್ತದೆ. ಸಾಮಾನ್ಯವಾಗಿ ದಿನಕ್ಕೆ 50 ಮಿಲಿಗ್ರಾಂ. ಅದಕ್ಕೆ ಚಟ ಹತ್ತುವುದಿಲ್ಲ. ಆದರೆ ಮಾರ್ಫಿನ್ ಜಾತಿಯ ನೋವಿನ ಮಾತ್ರೆ ತೆಗೆದುಕೊಳ್ಳುವವರಿಗೆ ಅದನ್ನು ಕೊಡಬಾರದು. ಶಸ್ತ್ರಚಿಕಿತ್ಸೆಗೋ ಹಲ್ಲು ಕೀಳಿಸಲಿಕ್ಕೋ ಹೋದರೆ ಇದನ್ನು ಸೇವಿಸುತ್ತಿದ್ದೇನೆ ಎಂದು ಮೊದಲೇ ತಿಳಿಸಬೇಕು. ಯಕೃತ್ತಿನ ಪರೀಕ್ಷೆಯೂ ಮೊದಲು ಆಗಬೇಕು. ಅಕ್ಯಾಂಪ್ರೊಸೇಟ್ ಎಂಬ ಇನ್ನೊಂದಿದೆ. ಬಿಟ್ಟ ಮೇಲೆ ಉಳಿಯುವ ತಳಮಳವನ್ನು ಅದು ಕಡಿಮೆ ಮಾಡುತ್ತದೆ, ಮೂತ್ರಪಿಂಡ ಚೆನ್ನಾಗಿರಬೇಕು.

ಮೂರನೆಯದು ಡೈಸಲ್ಫಿರಾಮ್. ಅದರ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಕೈ ನಡುಗಿದ್ದನ್ನು ನೋಡಿದ ಅಮ್ಮನಿಗೆ ಯಾರಾದರೂ ಇದನ್ನು ಸೂಚಿಸಬಹುದು. ಇದನ್ನು ನುಂಗಿ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಆ ಭಯವೇ ಅದರ ಕೆಲಸ, ಆದ್ದರಿಂದ ತಿಳಿದು, ಒಪ್ಪಿ ತೆಗೆದುಕೊಂಡವನಿಗೆ ಅದು ಉಪಯೋಗಕ್ಕೆ ಬರುತ್ತದೆ. ನಮ್ಮ ಕಡೆ ಸಾರಿನಲ್ಲಿ, ಪಲ್ಯದಲ್ಲಿ ಕಲಸಿ ತಿಳಿಯದಂತೆ ಕೊಡುವ ಪದ್ಧತಿ ಇದೆ. ಏನೂ ಅರಿಯದೆ ಕುಡಿದವನ ಹೃದಯಕ್ಕೆ ಅದು ಪ್ರಾಣಾಂತಿಕವಾಗಬಹುದು. ತಿಂಗಳಿಗೊಬ್ಬರಾದರೂ ತಾಯಂದಿರು ನನ್ನ ಬಳಿ ಅದನ್ನು ಕೇಳಿಕೊಂಡು ಬರುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಒಮ್ಮೆಯೂ ಬರೆದುಕೊಟ್ಟಿಲ್ಲ.

ಮಾತ್ರೆ ಎಷ್ಟೇ ನೆರವಾದರೂ ಕಾಲ್ ಮುಗಿದ ಆ ಅರ್ಧ ಗಂಟೆ ನಿಮ್ಮದೇ. ದುರ್ಗದವರ ವಿಷಯದಲ್ಲಿ ಹೆಚ್ಚು ಕೆಲಸ ಮಾಡಿದ್ದು ಕಾಲ್‌ನ ಹೊತ್ತು ಬದಲಿಸಿದ್ದು. ವಾರಕ್ಕೆ ಮೂರು ದಿನ ಅದನ್ನು ಅಲ್ಲಿನ ಬೆಳಿಗ್ಗೆ ಏಳಕ್ಕೆ, ಅಂದರೆ ಭಾರತದ ರಾತ್ರಿ ಏಳೂವರೆ ಎಂಟೂವರೆಯ ಸುಮಾರಿಗೆ ಸರಿಸಿಕೊಂಡರು. ಬೆಂಗಳೂರಿನ ತಂಡ ಒಪ್ಪುವುದಿಲ್ಲ ಎಂದು ಎರಡು ವರ್ಷ ಕೇಳಿಯೇ ಇರಲಿಲ್ಲ. ಕೇಳಿದರೆ ಒಪ್ಪಿದರು. ಉಳಿದ ಎರಡು ದಿನ ಕಾಲ್ ಮುಗಿದ ಕೂಡಲೇ ಜಾಕೆಟ್ ಹಾಕಿಕೊಂಡು ಮಳೆಯಿದ್ದರೂ ಹೊರಗೆ ಇಪ್ಪತ್ತು ನಿಮಿಷ ನಡೆದು ಬರುತ್ತಿದ್ದರು. ಬೇಕೆನ್ನುವ ಸೆಳೆತ ಅಲೆಯಂತೆ ಏರಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಬಾಟಲಿ ಮನೆಯಲ್ಲಿ ಇರಬಾರದು. ಅತಿಥಿಗಳಿಗೆಂದು ಇಟ್ಟಿದ್ದೂ ಇರಬಾರದು.

ಮೊದಲ ಎರಡು ಮೂರು ವಾರ ನಿದ್ದೆ ಕೆಡುತ್ತದೆ. ಇಲ್ಲಿ ಬಹಳ ಜನ ಸೋಲುತ್ತಾರೆ, ತಮಗೆ ವಿಸ್ಕಿಯಿಲ್ಲದೆ ನಿದ್ದೆಯೇ ಬರುವುದಿಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ. ನೀವು ಊರಿನಲ್ಲಿ ಕೊನೆಯ ವಾರ ಹೇಗೆ ಮಲಗಿದ್ದಿರಿ ಎಂಬುದನ್ನು ಆಗ ನೆನಪಿಸಿಕೊಳ್ಳಿ. ಮನೆಯವರಿಗೂ ಒಂದು ಮಾತು ಹೇಳಿ. ಬಾಯಿ ಮೂಸಿ ನೋಡುವ, ಕಪಾಟು ಹುಡುಕುವ ಕೆಲಸ ಅವರಿಗೆ ಬೇಡ. ಅದರಿಂದ ಇಬ್ಬರೂ ದಣಿಯುತ್ತೀರಿ. ಬದಲಿಗೆ ಕಾಲ್ ಮುಗಿಯುವ ಹೊತ್ತಿಗೆ ವಾರದಲ್ಲಿ ಕೆಲವು ದಿನ ಅವರು ಎಚ್ಚರವಿದ್ದು ಹತ್ತು ನಿಮಿಷ ಜೊತೆಗೆ ಕುಳಿತರೆ ಸಾಕು.

ಕಚೇರಿ ಮತ್ತು ವೀಸಾದ ಭಯಕ್ಕೆ ಬರೋಣ. ಅಲ್ಲಿನ ಕಾನೂನಿನಂತೆ ನಿಮ್ಮ ವೈದ್ಯರು ನಿಮ್ಮ ಒಪ್ಪಿಗೆಯಿಲ್ಲದೆ ಕಂಪನಿಗೆ ಇದನ್ನು ತಿಳಿಸುವಂತಿಲ್ಲ. ವಲಸೆಗೆ ಸಂಬಂಧಿಸಿದ ವೈದ್ಯಕೀಯ ತಪಾಸಣೆಯಲ್ಲಿ ತೊಡಕಾಗುವುದು ಕುಡಿತದ ಕಾಯಿಲೆಯ ಜೊತೆಗೆ ಅಪಾಯಕಾರಿ ನಡವಳಿಕೆಯೂ ಇದ್ದಾಗ, ಮುಖ್ಯವಾಗಿ ಕುಡಿದು ವಾಹನ ಓಡಿಸಿದಾಗ. ಹಾಗೆ ಬಂಧನವಾದರೆ ಶಿಕ್ಷೆಯಾಗುವ ಮೊದಲೇ ವೀಸಾ ರದ್ದು ಮಾಡಿರುವುದುಂಟು. ಅಂದರೆ ವೀಸಾಕ್ಕೆ ಅಪಾಯ ಇರುವುದು ಆಸ್ಪತ್ರೆಯ ದಾರಿಯಲ್ಲಿ ಅಲ್ಲ, ಕಾರಿನ ಸ್ಟೀರಿಂಗ್ ಹಿಂದೆ. ನಿಮ್ಮದೇ ಕಡತದಲ್ಲಿ ಅನುಮಾನವಿದ್ದರೆ ವಲಸೆ ವಕೀಲರನ್ನು ಒಮ್ಮೆ ಕೇಳಿ. ಅಲ್ಲಿ 1-800-662-4357 ಸಂಖ್ಯೆಗೆ ಕರೆ ಮಾಡಿದರೆ ಹತ್ತಿರದ ಚಿಕಿತ್ಸೆಯ ವಿವರ ಹಗಲು ರಾತ್ರಿ ಸಿಗುತ್ತದೆ, ಹೆಸರು ಹೇಳಬೇಕಿಲ್ಲ. ಊರಿನಲ್ಲಿದ್ದಾಗ ಕನ್ನಡದಲ್ಲೇ ಮಾತನಾಡಬೇಕೆನ್ನಿಸಿದರೆ ಟೆಲಿ ಮಾನಸ್‌ನ 14416 ಇದೆ.

ಇನ್ನು ಮುಂದಿನ ಸಲ ಊರಿಗೆ ಹೊರಡುವ ಮಾತು. ಆ ಹೊತ್ತಿಗೂ ದಿನಾ ಕುಡಿಯುತ್ತಿದ್ದರೆ, ದಯವಿಟ್ಟು ವಿಮಾನ ಹತ್ತಿದ ದಿನದಿಂದ ಒಮ್ಮೆಲೇ ನಿಲ್ಲಿಸಬೇಡಿ. ಸಾಗರದ ಮೇಲೆ ಹದಿನೈದು ಗಂಟೆ ಹಾರುವಾಗ ಫಿಟ್ಸ್ ಬಂದರೆ ಕೈಗೆ ಸಿಗುವ ನೆರವು ಬಹಳ ಕಡಿಮೆ. ಹೊರಡುವ ಎರಡು ಮೂರು ವಾರ ಮೊದಲೇ ವೈದ್ಯರ ನೋಟದಲ್ಲಿ ಇಳಿಸಿ, ನಿಲ್ಲಿಸಿ, ಆಮೇಲೆ ಹೊರಡಿ. ದುರ್ಗದವರು ಈ ಸಲ ಹಾಗೆಯೇ ಬಂದಿದ್ದರು. ಬಿಟ್ಟು ಹದಿನಾಲ್ಕು ತಿಂಗಳಾಗಿದೆ, ನಡುವೆ ಒಂದು ನವೆಂಬರ್‌ನಲ್ಲಿ ಎರಡು ವಾರ ಜಾರಿ, ತಾವಾಗಿಯೇ ಫೋನ್ ಮಾಡಿ ಮತ್ತೆ ನಿಂತರು. ನನ್ನ ಕೋಣೆಯಲ್ಲಿ ನರ್ಸ್ ಕೊಟ್ಟ ಚಹಾದ ಲೋಟವನ್ನು ಅಂಚಿನವರೆಗೂ ತುಂಬಿದ್ದರೂ ಒಂದೇ ಕೈಯಲ್ಲಿ ಹಿಡಿದು, ಅಪ್ಪನಿಗೆ ಈಗ ಎರಡನೆಯ ಕಣ್ಣಿನ ಶಸ್ತ್ರಚಿಕಿತ್ಸೆ, ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಎಂದು ಹೇಳಿದರು.